ಒಂದೇ ಕೂತದಲ್ಲಿ ತಿಂಗಳ ರೀಲ್ಸ್ ಬರಹ

ಮೂವತ್ತು ಸೆಕೆಂಡಿನ ರೀಲ್ಸ್‌ಗೆ ಸುಮಾರು 50 ಪದಗಳ ಬರಹ ಸಾಕು. ವಾರಕ್ಕೆ ಮೂರರಂತೆ ತಿಂಗಳಿಗೆ ಹನ್ನೆರಡನ್ನು ಒಂದೇ ಮಧ್ಯಾಹ್ನ ಬರೆದು ಮುಗಿಸಬಹುದು. ಸಮಯ ತಿನ್ನುವುದು ಬರವಣಿಗೆಯಲ್ಲ, ಪ್ರತಿ ಸಲ ವಿಷಯ ಹುಡುಕುವ ಕೆಲಸ. ಹಾಗಾಗಿ ಮೊದಲು ವಾರಕ್ಕೊಂದು ವಿಷಯ ಗೊತ್ತುಮಾಡಿಕೊಳ್ಳಬೇಕು.

ಅಡುಗೆ ಚಾನೆಲ್ ಒಂದರ ಮೊದಲ ವಾರ ದೋಸೆಯದು ಎನ್ನೋಣ. ಕಾವಲಿಗೆ ಅಂಟುವುದು, ಚಳಿಗಾಲದಲ್ಲಿ ಹಿಟ್ಟು ಹುದುಗದಿರುವುದು, ಹಿಟ್ಟು ಹುಳಿಯಾಗುವುದು: ಮೂರು ತೊಂದರೆ, ಮೂರು ರೀಲ್ಸ್. ಎಲ್ಲಕ್ಕೂ ಅಚ್ಚು ಒಂದೇ: ಸೆಳೆಯುವ ಮೊದಲ ಸಾಲು, ಕಾರಣ, ಪರಿಹಾರ, ಫಲಿತಾಂಶ.

ಬರೆಯುವಾಗ ಮಾತ್ರ ಪರಿಹಾರದಿಂದಲೇ ಶುರುಮಾಡುವುದು ಒಳ್ಳೆಯದು. "ಕಾದ ಕಾವಲಿಗೆ ನೀರು ಚಿಮುಕಿಸಿ, ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಉಜ್ಜಿ" ಎಂಬುದು ಬರೆದಾದ ಮೇಲೆ, "ದೋಸೆ ಅಂಟುತ್ತಿದೆಯಾ? ತಪ್ಪು ಹಿಟ್ಟಿನದಲ್ಲ" ಎಂಬ ಮೊದಲ ಸಾಲು ತಾನಾಗಿ ಹೊಳೆಯುತ್ತದೆ. ಮೊದಲೇ ಬರೆದರೆ ಅದು ಕೊಡಲಾಗದ ಭರವಸೆ ಕೊಟ್ಟುಬಿಡುತ್ತದೆ. ವೀಕ್ಷಕರು ಅರ್ಧಕ್ಕೇ ಬಿಟ್ಟುಹೋಗಲು ಇದೂ ಒಂದು ಕಾರಣವಾಗಬಹುದು. ಈ ಸಾಲಿನ ಚೌಕಟ್ಟು ಇಡ್ಲಿಗೂ ಬರುತ್ತದೆ: "ಇಡ್ಲಿ ಗಟ್ಟಿಯಾಯಿತಾ? ತಪ್ಪು ಅಕ್ಕಿಯದಲ್ಲ."

ಆದರೆ ಅದನ್ನೇ ಬೆನ್ನುಬೆನ್ನಿಗೆ ಬಳಸಿದರೆ ಬೇಸರ. ಹನ್ನೆರಡರ ಮೊದಲ ಸಾಲುಗಳನ್ನಷ್ಟೇ ಒಟ್ಟಿಗೆ ಓದಿದರೆ ಏಕತಾನತೆ ಕೂಡಲೇ ಕಿವಿಗೆ ಬೀಳುತ್ತದೆ. ಇಂಥ ನಾಲ್ಕು ಚೌಕಟ್ಟುಗಳನ್ನು ಸರದಿಯಂತೆ ಬಳಸಬೇಕು. ಪ್ರತಿಯೊಂದನ್ನೂ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಬೇಕು. ಮೀರಿದರೆ ಕಾರಣದ ಭಾಗಕ್ಕೆ ಕತ್ತರಿ. ಹಬ್ಬ, ಬೆಲೆಯೇರಿಕೆಯಂಥ ತಕ್ಷಣದ ವಿಷಯಗಳಿಗೆ ಈ ವಿಧಾನ ಒಗ್ಗದು, ಅವಕ್ಕಾಗಿ ಎರಡು ಜಾಗ ಖಾಲಿ ಬಿಡಿ.