ಮೂಗಿಗೋ, ತೋಳಿಗೋ?

ಗುಂಡ್ಲುಪೇಟೆಯ ಕ್ಲಿನಿಕ್ಕೊಂದರಲ್ಲಿ ಮಗುವಿಗೆ ಫ್ಲೂ ಲಸಿಕೆ ಹಾಕಿಸಲು ಬಂದ ತಾಯಿ ಕೇಳಬಹುದಾದ ಮೊದಲ ಪ್ರಶ್ನೆ: "ಮೂಗಿಗೆ ಹಾಕೋದು ಇಲ್ವಾ, ಡಾಕ್ಟ್ರೇ?" ಸೂಜಿ ಕಂಡರೆ ಮಗು ಅಳುತ್ತದೆ, ಹಾಗಾಗಿ ಈ ಪ್ರಶ್ನೆ ಸಹಜ. ಆದರೆ ಈ ಎರಡು ಲಸಿಕೆಗಳ ನಡುವಿನ ನಿಜವಾದ ವ್ಯತ್ಯಾಸ ನೋವಿನದಲ್ಲ. ಚುಚ್ಚುಮದ್ದಿನಲ್ಲಿರುವುದು ಸತ್ತ ವೈರಸ್ಸಿನ ತುಣುಕುಗಳು. ಮೂಗಿನ ಸ್ಪ್ರೇಯಲ್ಲಿರುವುದು ಬದುಕಿರುವ, ಬಲ ಕುಂದಿಸಿದ ವೈರಸ್. ಯಾರಿಗೆ ಯಾವುದು ಎಂಬುದೆಲ್ಲ ಈ ಒಂದು ಸಂಗತಿಯಿಂದಲೇ ಹೊರಡುತ್ತದೆ.

ಬಲ ಕುಂದಿಸುವುದು ಹೇಗೆ? ವೈರಸ್ಸನ್ನು ದಿನೇ ದಿನೇ ತಂಪಾದ ವಾತಾವರಣದಲ್ಲಿ, ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಳೆಸುತ್ತಾ ಹೋಗುತ್ತಾರೆ. ಕೊನೆಗೆ ಅದು ಚಳಿಗೆ ಒಗ್ಗಿಕೊಂಡು, ಬಿಸಿಯನ್ನು ತಾಳಲಾರದ ತಳಿಯಾಗುತ್ತದೆ. ನಮ್ಮ ಮೂಗಿನ ಒಳಭಾಗ ದೇಹದ ಉಳಿದ ಭಾಗಕ್ಕಿಂತ ತಂಪು. ಅಲ್ಲಿ ಅದು ಒಂದಿಷ್ಟು ಬೆಳೆಯುತ್ತದೆ, ಬಿಸಿಯಾದ ಶ್ವಾಸಕೋಶದಲ್ಲಿ ಬೆಳೆಯಲಾರದು. ಮೂಗಿನ ಲೋಳೆಪೊರೆಗೇ ಅದು ಪಾಠ ಕಲಿಸುತ್ತದೆ, ನಿಜವಾದ ಫ್ಲೂ ಒಳನುಗ್ಗುವ ಬಾಗಿಲಲ್ಲೇ ಕಾವಲು ಏಳುತ್ತದೆ. ಚುಚ್ಚುಮದ್ದಾದರೋ ರಕ್ತದಲ್ಲಿ ಪ್ರತಿಕಾಯಗಳನ್ನು ಎಬ್ಬಿಸುತ್ತದೆ, ಬಾಗಿಲಿಗಿಂತ ಮನೆಯ ಒಳಗನ್ನು ಕಾಯುತ್ತದೆ.

ಭಾರತದಲ್ಲಿ ಮೂಗಿನ ಸ್ಪ್ರೇಗೆ ಒಂದು ಇತಿಹಾಸವಿದೆ. 2009ರ ಹಂದಿಜ್ವರದ ನಂತರ, 2010ರಲ್ಲಿ, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ನಾಸೋವ್ಯಾಕ್ ಎಂಬ ಮೂಗಿನ ಲಸಿಕೆಯನ್ನು ತಂದಿತು. ಅದರ ತಳಿಯ ಮೂಲ 1957ರ ಲೆನಿನ್‌ಗ್ರಾಡ್ ವೈರಸ್. 2023ರ ಜನವರಿಯಲ್ಲಿ ಬಿಡುಗಡೆಯಾದ ಮೂಗಿನ ಕೋವಿಡ್ ಲಸಿಕೆಯನ್ನು ಇದರೊಂದಿಗೆ ಬೆರೆಸಬಾರದು. ಅದು ಫ್ಲೂಗೆ ಅಲ್ಲ.

ಈಗ ಹಳೆಯ ಕಾಲದ ಒಂದು ದೊಡ್ಡ ಮನೆಯನ್ನು ಕಲ್ಪಿಸಿಕೊಳ್ಳೋಣ, ಚಾಮರಾಜನಗರದಲ್ಲಿ. ಸಕ್ಕರೆ ಕಾಯಿಲೆಯ ಅಜ್ಜಿ, ಗರ್ಭಿಣಿ ಸೊಸೆ, ಎಂಟು ತಿಂಗಳ ಕೂಸು, ಆಗಾಗ ಉಬ್ಬಸ ಬರುವ ನಾಲ್ಕು ವರ್ಷದ ಹುಡುಗ, ಆರೋಗ್ಯವಾಗಿರುವ ಹತ್ತು ವರ್ಷದ ಹುಡುಗಿ.

ಹುಡುಗಿಗೆ ಸ್ಪ್ರೇ ನಡೆಯುತ್ತದೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯಿರುವುದು 2ರಿಂದ 49 ವರ್ಷದವರಿಗೆ. ಮೂಗು ಕಟ್ಟಿದ್ದರೆ ಕೆಲವು ದಿನ ಮುಂದಕ್ಕೆ ಹಾಕುವುದು ಒಳಿತು, ಔಷಧ ಪೊರೆಗೆ ತಲುಪದೇ ಹೋಗಬಹುದು. ಹಾಕಿದ ಕೂಡಲೇ ಸೀನಿದರೆ ಮತ್ತೆ ಹಾಕಬೇಕಾಗಿಲ್ಲ. ನಂತರ ಮೂಗು ಸೋರುವುದು ಸಾಮಾನ್ಯ.

ಕೂಸಿಗೆ ಸ್ಪ್ರೇ ಬೇಡ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಸ್ಪ್ರೇ ನಂತರ ಉಬ್ಬಸ ಹೆಚ್ಚಾದದ್ದು ಪರೀಕ್ಷೆಗಳಲ್ಲಿ ಕಂಡಿತ್ತು. ನಾಲ್ಕು ವರ್ಷದ ಹುಡುಗನಿಗೂ ಅದೇ ಕಾರಣಕ್ಕೆ ಚುಚ್ಚುಮದ್ದೇ. ಕೂಸಿಗೆ ಆರು ತಿಂಗಳು ತುಂಬಿದ್ದರಿಂದ ಚುಚ್ಚುಮದ್ದು ಹಾಕಿಸಬಹುದು, ಮೊದಲ ವರ್ಷ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್. ಒಂಬತ್ತು ವರ್ಷದೊಳಗಿನ ಹುಡುಗನಿಗೂ ಮೊದಲ ಬಾರಿಯಾದರೆ ಎರಡು.

ಗರ್ಭಿಣಿಗೆ ಜೀವಂತ ವೈರಸ್ ಕೊಡುವುದಿಲ್ಲ, ಚುಚ್ಚುಮದ್ದು ಸುರಕ್ಷಿತ. ಅದರಲ್ಲಿ ಇನ್ನೊಂದು ಲಾಭವಿದೆ: ತಾಯಿಯ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಹೋಗಿ, ಹುಟ್ಟಿದ ಮೊದಲ ತಿಂಗಳುಗಳಲ್ಲಿ ಕಾಯುತ್ತವೆ. ಆರು ತಿಂಗಳೊಳಗಿನ ಶಿಶುವಿಗೆ ಕೊಡಬಹುದಾದ ಫ್ಲೂ ಲಸಿಕೆಯೇ ಇಲ್ಲವಾದ್ದರಿಂದ ಈ ಕಾವಲು ಅಮೂಲ್ಯ.

ಅಜ್ಜಿಗೂ ಚುಚ್ಚುಮದ್ದು. ಇದಕ್ಕೆ ಸಕ್ಕರೆ ಕಾಯಿಲೆಯ ಜೊತೆಗೆ ವಯಸ್ಸೂ ಕಾರಣ. ಹತ್ತಾರು ಸಲ ಫ್ಲೂ ಕಂಡ ಹಿರಿಯರ ಮೂಗಿನಲ್ಲಿ ದುರ್ಬಲ ವೈರಸ್ ಬೇರೂರುವ ಮೊದಲೇ ಹಳೆಯ ಪ್ರತಿಕಾಯಗಳು ಅದನ್ನು ಮುಗಿಸಿಬಿಡುತ್ತವೆ, ಪಾಠ ನಡೆಯುವುದೇ ಇಲ್ಲ. ಮಕ್ಕಳಲ್ಲಿ ಸ್ಪ್ರೇ ಚೆನ್ನಾಗಿ ಹಿಡಿಯುವುದಕ್ಕೆ ಅವರಲ್ಲಿ ಈ ಹಳೆಯ ಪರಿಚಯ ಕಡಿಮೆಯಿರುವುದೇ ಕಾರಣ.

ಒಂದು ವೇಳೆ ಆ ಮನೆಗೆ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡ ಚಿಕ್ಕಪ್ಪ ಬಂದು ನೆಲೆಸಿದರೆ, ಹತ್ತು ವರ್ಷದ ಹುಡುಗಿಗೂ ಚುಚ್ಚುಮದ್ದೇ ಸರಿ. ಸ್ಪ್ರೇ ಹಾಕಿಸಿಕೊಂಡವರ ಮೂಗಿನಿಂದ ಕೆಲವು ದಿನ ಆ ವೈರಸ್ ಹೊರಬೀಳುತ್ತದೆ, ರೋಗನಿರೋಧಕ ಶಕ್ತಿ ಪೂರ್ತಿ ಕುಸಿದವರಿಗೆ ಅದೂ ಬೇಡ.

ಸ್ಪ್ರೇಗೆ ಒಂದು ಸೋಲಿನ ಕತೆಯೂ ಇದೆ. ಎಚ್1ಎನ್1 ವಿರುದ್ಧ ಸರಿಯಾಗಿ ಕೆಲಸ ಮಾಡಲಿಲ್ಲವೆಂದು 2016ರಿಂದ ಎರಡು ಋತು ಅಮೆರಿಕದ ತಜ್ಞರ ಸಮಿತಿ ಅದನ್ನು ಬಳಸಬೇಡಿ ಎಂದಿತು. ತಳಿ ಬದಲಿಸಿದ ಮೇಲೆ 2018ರಲ್ಲಿ ಮತ್ತೆ ಒಪ್ಪಿತು. ಜೀವಂತ ವೈರಸ್ ಮೂಗಿನಲ್ಲಿ ಚೆನ್ನಾಗಿ ಬೆಳೆಯದಿದ್ದರೆ ಲಸಿಕೆ ಬರೀ ನೀರಿನಂತಾಗುತ್ತದೆ.

ನಮ್ಮ ಊರಿನ ಕ್ಲಿನಿಕ್ಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಚುಚ್ಚುಮದ್ದು. ಅದಕ್ಕಾಗಿ ಬೇಸರ ಬೇಡ, ಆರು ತಿಂಗಳ ಕೂಸಿನಿಂದ ಅಜ್ಜಿಯವರೆಗೆ ಎಲ್ಲರಿಗೂ ಹೊಂದುವುದು ಅದೇ. ಪ್ರತಿಕಾಯಗಳು ಏಳಲು ಸುಮಾರು ಎರಡು ವಾರ ಬೇಕು, ಮಳೆಗಾಲದಲ್ಲಿ ಫ್ಲೂ ಹೆಚ್ಚುತ್ತದೆ. ಹಾಗಾಗಿ ಮೇ ತಿಂಗಳಲ್ಲೇ ಹಾಕಿಸಿಕೊಳ್ಳಿ, ಪ್ರತಿ ವರ್ಷ. ಸ್ಪ್ರೇ ಕೇಳುವ ಮೊದಲು ಮನೆಯಲ್ಲಿ ಯಾರ ಉಬ್ಬಸ, ಯಾರ ಬಸಿರು, ಯಾರ ಕ್ಯಾನ್ಸರ್ ಚಿಕಿತ್ಸೆ ಎಂಬುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ.