ಜೇಡಿಮಣ್ಣಿನ ಬಲಪರೀಕ್ಷೆಯೂ ಕದಡಿದ ಮಾದರಿಯೂ

ಅಮೆರಿಕದ ಷಿಕಾಗೋ ನಗರದಲ್ಲಿ 1938ರಲ್ಲಿ ನೆಲದಡಿಯ ರೈಲುಮಾರ್ಗದ ಕೆಲಸವು ಆರಂಭವಾದಾಗ, ಮೆತ್ತನೆಯ ಜೇಡಿಮಣ್ಣಿನೊಳಗೆ ಸುರಂಗವನ್ನು ತೋಡಬೇಕಾಗಿತ್ತು. ಟೆರ್ಜಾಗಿಯವರು ಸಲಹೆಗಾರರಾಗಿದ್ದರು, ಮಣ್ಣಿನ ಪ್ರಯೋಗಾಲಯವನ್ನು ರಾಲ್ಫ್ ಪೆಕ್ ನಡೆಸುತ್ತಿದ್ದರು. ಅಲ್ಲಿ ಒಂದೇ ಮಣ್ಣನ್ನು ಎರಡು ವಿಧವಾಗಿ ತೆಗೆದು ಪರೀಕ್ಷಿಸಲಾಯಿತು. ಸುರಂಗದಲ್ಲಿ ಕೈಯಿಂದ ಕತ್ತರಿಸಿ ತೆಗೆದ ಗಟ್ಟಿಗಳಿಗಿಂತ, ತೆಳುಗೋಡೆಯ ಕೊಳವೆಯಲ್ಲಿ ತೆಗೆದ ಮಾದರಿಗಳು ಸರಾಸರಿ ಮುಕ್ಕಾಲು ಪಾಲಿನಷ್ಟು ಬಲವನ್ನು ಮಾತ್ರ ತೋರಿದವು. ಈ ಕಾಲು ಭಾಗವು ಎಲ್ಲಿ ಹೋಯಿತೆಂಬುದೇ ಪ್ರಸ್ತುತ ವಿಚಾರ.

ಪರೀಕ್ಷೆಯು ಸರಳವಾದುದು. 38 ಮಿಲಿಮೀಟರ್ ವ್ಯಾಸ, 76 ಮಿಲಿಮೀಟರ್ ಎತ್ತರದ ಮಣ್ಣಿನ ಕಂಬವನ್ನು ಪಕ್ಕದ ಆಸರೆಯಿಲ್ಲದೆ ನಿಲ್ಲಿಸಿ, ನೀರು ಬಸಿದುಹೋಗಲು ಅವಕಾಶವಾಗದಷ್ಟು ಬೇಗ, ನಿಮಿಷಕ್ಕೆ ಎತ್ತರದ ಶೇಕಡಾ 1ರಷ್ಟು ಕುಗ್ಗುವಂತೆ ಮೇಲಿನಿಂದ ಒತ್ತುತ್ತಾರೆ. ಕಂಬವು ಕುಗ್ಗುತ್ತ ಉಬ್ಬುವುದರಿಂದ, ಭಾರವನ್ನು ಮೂಲ ಅಡ್ಡಕೊಯ್ತದಿಂದಲ್ಲ, ಹಿಗ್ಗಿದ ಅಡ್ಡಕೊಯ್ತದಿಂದ ಭಾಗಿಸಬೇಕು. ಬಂದ ಒತ್ತಡದ ಅರ್ಧವೇ ನೀರು ಬಸಿಯದ ಸ್ಥಿತಿಯ ಕತ್ತರಿಬಲ.

ಲೆಕ್ಕಕ್ಕಾಗಿ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಗಟ್ಟಿಯಿಂದ ಕೊರೆದ ಕಂಬವು ಶೇಕಡಾ 8 ಕುಗ್ಗಿ, 98.6 ನ್ಯೂಟನ್ ಭಾರದಲ್ಲಿ ಓರೆಯಾಗಿ ಸೀಳಿತು. 1134 ಚದರ ಮಿಲಿಮೀಟರ್ ಅಡ್ಡಕೊಯ್ತವನ್ನು 0.92ರಿಂದ ಭಾಗಿಸಿದರೆ 1233 ದೊರೆಯುವುದು. ಒತ್ತಡ 80, ಬಲ 40 ಕಿಲೋಪಾಸ್ಕಲ್. ಕೊಳವೆಯ ಮಾದರಿಯು ಸೀಳದೆ ಪೀಪಾಯಿಯಂತೆ ಉಬ್ಬುತ್ತಲೇ ಹೋಯಿತು. ವಾಡಿಕೆಯಂತೆ ಶೇಕಡಾ 15ರ ಕುಗ್ಗುವಿಕೆಯಲ್ಲಿ ಅದರ ಭಾರವನ್ನು ಓದಲಾಗಿ 80 ನ್ಯೂಟನ್, ಅಡ್ಡಕೊಯ್ತ 1334, ಬಲ 30 ಕಿಲೋಪಾಸ್ಕಲ್ ಮಾತ್ರ.

ಕಾರಣವು ಮಣ್ಣಿನೊಳಗಿನ ನೀರಿನಲ್ಲಿದೆ. ನೆಲದಡಿಯ ಹೊರೆಯಿಂದ ಬಿಡುಗಡೆಯಾದ ಜೇಡಿಯು ಹಿಗ್ಗಲೆಳಸುತ್ತದೆ. ರಂಧ್ರಗಳ ನೀರು ಅದನ್ನು ಹೀರುಸೆಳೆತದಿಂದ ಹಿಡಿದಿಡುತ್ತದೆ. ಆಸರೆಯಿಲ್ಲದ ಕಂಬದಲ್ಲಿ ಕಣಗಳನ್ನು ಪರಸ್ಪರ ಒತ್ತಿಹಿಡಿಯುವುದು ಈ ಸೆಳೆತವೇ. ಕೊಳವೆಯು ಇಳಿಯುವಾಗ ಮಣ್ಣು ತಿರುಚಿ, ಕಣಗಳ ಜೋಡಣೆ ಮುರಿದರೆ, ಕಣಗಳು ಹೊತ್ತಿದ್ದ ಹೊರೆಯು ನೀರಿಗೆ ವರ್ಗವಾಗಿ ಸೆಳೆತವು ಕುಂದುತ್ತದೆ. ತೇವಾಂಶ ಒಂದಿಷ್ಟೂ ಬದಲಾಗದೆಯೇ ಬಲವು ಇಳಿಯುತ್ತದೆ. ಆದುದರಿಂದ ತೇವಾಂಶವನ್ನು ಅಳೆದು ಮಾದರಿಯು ಕೆಟ್ಟಿಲ್ಲವೆನ್ನಲಾಗದು. ಒತ್ತಡದ ರೇಖೆಗೆ ಸ್ಪಷ್ಟ ಶಿಖರವಿಲ್ಲದಿರುವುದು, ಆರಂಭದ ಏರು ಮಂದವಾಗಿರುವುದು, ಹೆಚ್ಚು ಕುಗ್ಗಿದ ಮೇಲೆಯೇ ಸೋಲುವುದು, ಇವು ಕದಡಿಕೆಯ ಗುರುತುಗಳು.

ತಗ್ಗಿದ ಅಂಕಿಯಿಂದ ಅಪಾಯವಿಲ್ಲ, ಖರ್ಚು ಮಾತ್ರ ಹೆಚ್ಚುವುದೆಂದು ಭಾವಿಸಬಾರದು. ಕೆಲವು ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆಯು, ವಾರಗಟ್ಟಲೆ ಹೊರೆಹೊತ್ತ ನೆಲಕ್ಕಿಂತ ಹೆಚ್ಚಿನ ಬಲವನ್ನು ತೋರುತ್ತದೆ. ಕದಡಿಕೆಯು ಬಲವನ್ನು ಇಳಿಸುತ್ತದೆ, ವೇಗವು ಏರಿಸುತ್ತದೆ. ಎರಡು ತಪ್ಪುಗಳು ಪರಸ್ಪರ ಹೊಡೆದುಹೋಗಿ ಉತ್ತರವು ಸರಿಯೆನಿಸಬಹುದು. ಮಾದರಿ ತೆಗೆಯುವ ಉಪಕರಣವನ್ನಷ್ಟೇ ಸುಧಾರಿಸಿ, ಹಳೆಯ ಭದ್ರತಾ ಗುಣಾಂಕವನ್ನೇ ಉಳಿಸಿಕೊಂಡವನಿಗೆ ಆ ಆಸರೆ ತಪ್ಪುತ್ತದೆ.