ಆಪ್ ಸತ್ತರೂ ಮಾಹಿತಿ ಉಳಿಯಬೇಕು

ಮೊಬೈಲ್ ಆಪ್ ಬರೆಯುವ ಕೆಲಸಕ್ಕೆ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಹೋದವರಿಗೆ ಮೂರು ಪ್ರಶ್ನೆ ಹೇಗೂ ಎದುರಾಗುತ್ತವೆ. ಆಪ್‌ನ ಲೈಫ್‌ಸೈಕಲ್ ಎಂದರೇನು? ಮೆಮೊರಿ ಲೀಕ್ ಹೇಗಾಗುತ್ತದೆ? ನೆಟ್‌ವರ್ಕ್ ಇಲ್ಲದಾಗ ತುಂಬಿದ ಮಾಹಿತಿಯನ್ನು ಆಮೇಲೆ ಸರ್ವರ್‌ಗೆ ಹೇಗೆ ಮುಟ್ಟಿಸುತ್ತೀರಿ? ಓದಿಕೊಂಡು ಬಂದವರು ಮೂರಕ್ಕೂ ಬೇರೆ ಬೇರೆ ಉತ್ತರ ಒಪ್ಪಿಸುತ್ತಾರೆ. ಇಂಥ ಸಂದರ್ಶನಗಳಲ್ಲಿ ಪ್ರಶ್ನೆ ಕೇಳುವ ಕಡೆ ಕೂರುವ ನಾನು ಮೂರನ್ನೂ ಒಂದೇ ಲೆಕ್ಕವಾಗಿ ಕೊಡುತ್ತೇನೆ. ಬಳಸುವವರ ಫೋನಿನಲ್ಲಿ ಅವು ಒಟ್ಟಿಗೇ ಬರುತ್ತವೆ.

ಲೆಕ್ಕ ಹೀಗಿದೆ. ಮಲೆನಾಡಿನ ಒಂಟಿ ಮನೆಗಳಿಗೆ ಹೋಗುವ ಆರೋಗ್ಯ ಕಾರ್ಯಕರ್ತೆಗೆ ಒಂದು ಆಂಡ್ರಾಯ್ಡ್ ಆಪ್ ಬೇಕು. ಗರ್ಭಿಣಿಯ ತೂಕ, ರಕ್ತದೊತ್ತಡ, ಮುಂದಿನ ತಪಾಸಣೆಯ ದಿನ ಇಷ್ಟನ್ನು ಅವರು ಬರೆದುಕೊಳ್ಳಬೇಕು. ತಾಯಿ ಕಾರ್ಡಿನ ಫೋಟೋ ತೆಗೆಯಬೇಕು, ಮನೆ ಇರುವ ಜಾಗವನ್ನು ಜಿಪಿಎಸ್‌ನಿಂದ ಗುರುತು ಹಾಕಿಕೊಳ್ಳಬೇಕು. ಫೋನು ಅಗ್ಗದ್ದು, ರ‍್ಯಾಮ್ 2 ಜಿಬಿ. ಸಿಗ್ನಲ್ ಸಿಗುವುದು ಸಂಜೆ ಪೇಟೆಗೆ ಇಳಿದ ಮೇಲೆ. ಆ ದಿನ ಬರೆದ ಒಂದು ಅಂಕಿಯೂ ಕಳೆದುಹೋಗಬಾರದು.

ಮೊದಲ ಪೆಟ್ಟು ಬೀಳುವುದು ಫೋಟೋ ತೆಗೆಯುವ ಹೊತ್ತಿಗೆ. ಅರ್ಧ ಫಾರಂ ತುಂಬಿ ಕ್ಯಾಮೆರಾ ಗುಂಡಿ ಒತ್ತಿದಾಗ ಫೋನಿನ ಕ್ಯಾಮೆರಾ ಆಪ್ ಮುಂದೆ ಬರುತ್ತದೆ, ನಮ್ಮ ಆಪ್ ಹಿನ್ನೆಲೆಗೆ ಸರಿಯುತ್ತದೆ. ಕ್ಯಾಮೆರಾಗೆ ಬೇಕಾಗುವ ಮೆಮೊರಿ ದೊಡ್ಡದು. ಅದು ಸಾಲದೆ ಬಂದರೆ ಆಂಡ್ರಾಯ್ಡ್ ಹಿನ್ನೆಲೆಯಲ್ಲಿರುವ ಆಪ್‌ಗಳನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ. ಫೋಟೋ ತೆಗೆದು ಹಿಂತಿರುಗಿದಾಗ ನಮ್ಮ ಆಪ್ ಅದೇ ಫಾರಂನಲ್ಲಿ ತೆರೆದುಕೊಳ್ಳುತ್ತದೆ. ಆದರೆ ಅದು ಹೊಸದಾಗಿ ಹುಟ್ಟಿದ ಆಪ್. ಪ್ರೋಗ್ರಾಮಿನ ವೇರಿಯಬಲ್‌ಗಳಲ್ಲಿ ಇಟ್ಟಿದ್ದೆಲ್ಲ ಹೋಗಿರುತ್ತದೆ. ಫೋಟೋದ ಫೈಲು ಫೋನಿನಲ್ಲೇ ಇದೆ, ಆದರೆ ಅದಕ್ಕೆ ಯಾವ ಹೆಸರು ಕೊಟ್ಟಿದ್ದೆವು ಎಂಬುದನ್ನೇ ಆಪ್ ಮರೆತಿದೆ.

ಲೈಫ್‌ಸೈಕಲ್ ಎಂಬ ವಿಷಯ ಇರುವುದೇ ಇದಕ್ಕಾಗಿ. ಪರದೆಯ ಒಂದೊಂದು ಪುಟವನ್ನು ಆಂಡ್ರಾಯ್ಡ್‌ನಲ್ಲಿ ಆಕ್ಟಿವಿಟಿ ಎನ್ನುತ್ತಾರೆ. ಅದು ಹುಟ್ಟುವಾಗ `onCreate`, ಕಣ್ಣಿಗೆ ಬೀಳುವಾಗ `onStart`, ಬೆರಳಿಗೆ ಸ್ಪಂದಿಸತೊಡಗಿದಾಗ `onResume` ಓಡುತ್ತವೆ. ಹಿಂದೆ ಸರಿಯುವಾಗ `onPause`, ಪೂರ್ತಿ ಮರೆಯಾದಾಗ `onStop`, ಕೊನೆಯಲ್ಲಿ `onDestroy`. ಈ ಪಟ್ಟಿ ಎಲ್ಲರಿಗೂ ಬಾಯಿಪಾಠ. ನಾನು ಕೇಳುವುದು ಬೇರೆ: ಫಾರಂ ಅನ್ನು ಎಲ್ಲಿ ಉಳಿಸುತ್ತೀರಿ?

"`onDestroy`ದಲ್ಲಿ ಸರ್" ಎಂದು ಬಹಳ ಜನ ಹೇಳುತ್ತಾರೆ. ಹಿನ್ನೆಲೆಯಲ್ಲಿರುವ ಆಪ್ ಅನ್ನು ಕೊಲ್ಲುವಾಗ ಆಂಡ್ರಾಯ್ಡ್ `onDestroy`ವನ್ನು ಕರೆಯುವುದೇ ಇಲ್ಲ. ಒಂದು ಮಾತೂ ಹೇಳದೆ ಪ್ರೋಸೆಸ್ಸನ್ನು ನಿಲ್ಲಿಸಿಬಿಡುತ್ತದೆ. "ಹಾಗಾದರೆ ವ್ಯೂಮಾಡೆಲ್‌ನಲ್ಲಿ ಇಡುತ್ತೇನೆ" ಎಂಬುದು ಎರಡನೆಯ ಉತ್ತರ. ಫೋನು ಅಡ್ಡ ತಿರುಗಿಸಿದಾಗ ಆಕ್ಟಿವಿಟಿ ನಾಶವಾಗಿ ಮತ್ತೆ ಹುಟ್ಟುತ್ತದೆ, ಆಗ ವ್ಯೂಮಾಡೆಲ್ ಉಳಿಯುವುದು ನಿಜ. ಆದರೆ ಅದೂ ಮೆಮೊರಿಯಲ್ಲೇ ಇರುವುದರಿಂದ ಪ್ರೋಸೆಸ್ಸು ಸತ್ತರೆ ಅದೂ ಸಾಯುತ್ತದೆ. `onSaveInstanceState` ಎಂಬ ಇನ್ನೊಂದು ದಾರಿಯಿದೆ. ಅದರಲ್ಲಿ ಇಟ್ಟ ಚೀಟಿಯನ್ನು ಆಂಡ್ರಾಯ್ಡ್ ತಾನೇ ಕಾಪಾಡಿ ಹಿಂತಿರುಗಿಸುತ್ತದೆ. ಫೋಟೋ ಫೈಲಿನ ಹೆಸರು, ಫಾರಂನ ಗುರುತಿನ ಸಂಖ್ಯೆಯಂಥ ಪುಟ್ಟ ವಿಷಯಗಳಿಗೆ ಅದು ಸರಿ. ಆ ಮಾಹಿತಿ ಸಾಗುವ ದಾರಿಯ ಒಟ್ಟು ಅಳತೆಯೇ ಸುಮಾರು 1 ಎಂಬಿ. ಫೋಟೋವನ್ನೇ ಅದಕ್ಕೆ ತುರುಕಿದರೆ `TransactionTooLargeException` ಎಂದು ಆಪ್ ಬೀಳುತ್ತದೆ. ಫಾರಂನ ಅಸಲು ಮಾಹಿತಿಗೆ ಸರಿಯಾದ ಜಾಗ ಫೋನಿನೊಳಗಿನ ಡೇಟಾಬೇಸ್. ಒಂದು ಖಾನೆ ತುಂಬಿದ ಕೂಡಲೇ ಅದು ಕರಡಾಗಿ ಅಲ್ಲಿ ಕೂರಬೇಕು.

ಇದನ್ನು ಪರೀಕ್ಷಿಸುವುದು ಸುಲಭ. ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಫಾರಂ ಅರ್ಧ ತುಂಬಿ, ಹೋಮ್ ಗುಂಡಿ ಒತ್ತಿ ಈ ಆಜ್ಞೆ ಕೊಡಬೇಕು:

```
adb shell am kill in.example.arogya
```

ಮೆಮೊರಿ ಸಾಲದಾಗ ಫೋನು ಮಾಡುವುದನ್ನೇ ಇದು ಮಾಡುತ್ತದೆ. ಆಮೇಲೆ ಇತ್ತೀಚಿನ ಆಪ್‌ಗಳ ಪಟ್ಟಿಯಿಂದ ತೆರೆದರೆ ಬರೆದದ್ದು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಆ ಪಟ್ಟಿಯಿಂದ ಆಪ್ ಅನ್ನು ಬೆರಳಲ್ಲಿ ಸರಿಸಿ ಹಾಕಿದರೆ ಇದೇ ಪರೀಕ್ಷೆಯಾಗುವುದಿಲ್ಲ. ಹಾಗೆ ಮಾಡಿದಾಗ ಆಂಡ್ರಾಯ್ಡ್ ಕಾಪಾಡಿಟ್ಟ ಚೀಟಿಯನ್ನೂ ಬಿಸಾಡುತ್ತದೆ.

ಈಗ ಎರಡನೆಯ ಪ್ರಶ್ನೆ. ಉಳಿದ ಆಪ್‌ಗಳು ನೆಟ್ಟಗಿರುವಾಗ ನಮ್ಮದೇ ಏಕೆ ಪದೇ ಪದೇ ಸಾಯುತ್ತದೆ? ಸಮಾನ ಸ್ಥಿತಿಯಲ್ಲಿರುವ ಆಪ್‌ಗಳಲ್ಲಿ ಹೆಚ್ಚು ಮೆಮೊರಿ ಹಿಡಿದದ್ದೇ ಮೊದಲು ಬಲಿಯಾಗುವ ಸಂಭವ ಹೆಚ್ಚು. ನಮ್ಮ ಆಪ್ ಬಿಡಬೇಕಾದದ್ದನ್ನು ಬಿಡದೆ ಹಿಡಿದುಕೊಂಡಿರಬಹುದು.

ಬಳಕೆಯಲ್ಲಿಲ್ಲದ ವಸ್ತುಗಳನ್ನು ಮೆಮೊರಿಯಿಂದ ತೆಗೆಯುವ ಕೆಲಸವನ್ನು ಗಾರ್ಬೇಜ್ ಕಲೆಕ್ಟರ್ ಮಾಡುತ್ತದೆ. ಅದರ ನಿಯಮ ಒಂದೇ: ಬದುಕಿರುವ ಯಾವುದಾದರೂ ಒಂದು ಕಡೆಯಿಂದ ಕೊಂಡಿ ಇದ್ದರೆ ಮುಟ್ಟುವುದಿಲ್ಲ. ನಮ್ಮ ಫಾರಂ ಪುಟ ಜಿಪಿಎಸ್ ಸೇವೆಗೆ "ಜಾಗ ತಿಳಿದಾಗ ನನಗೆ ಹೇಳು" ಎಂದು ಲಿಸನರ್ ಒಂದನ್ನು ನೋಂದಾಯಿಸಿದೆ ಎನ್ನಿ. ಪುಟ ಮುಚ್ಚುವಾಗ ನೋಂದಣಿ ರದ್ದು ಮಾಡುವುದು ಮರೆತರೆ ಜಿಪಿಎಸ್ ಸೇವೆ ಲಿಸನರ್ ಅನ್ನು ಹಿಡಿದಿರುತ್ತದೆ, ಲಿಸನರ್ ಪುಟವನ್ನು ಹಿಡಿದಿರುತ್ತದೆ, ಪುಟ ತಾಯಿ ಕಾರ್ಡಿನ ಫೋಟೋವನ್ನು ಹಿಡಿದಿರುತ್ತದೆ. ಮುಚ್ಚಿಹೋದ ಪುಟ ಮೆಮೊರಿಯಲ್ಲಿ ಹಾಗೇ ಕೂತಿರುತ್ತದೆ. 4000 × 3000 ಪಿಕ್ಸೆಲ್‌ನ ಫೋಟೋವನ್ನು ಚಿಕ್ಕದು ಮಾಡದೆ ಪರದೆಗೆ ತಂದರೆ ಪಿಕ್ಸೆಲ್‌ಗೆ 4 ಬೈಟ್‌ನಂತೆ ಸುಮಾರು 48 ಎಂಬಿ ಆಗುತ್ತದೆ. ನಾಲ್ಕು ಮನೆ ಮುಗಿಸುವಷ್ಟರಲ್ಲಿ 190 ಎಂಬಿ ದಾಟುತ್ತದೆ. ಜಿಪಿಎಸ್ ಓಡುತ್ತಲೇ ಇರುವುದರಿಂದ ಬ್ಯಾಟರಿಯೂ ಖಾಲಿಯಾಗುತ್ತದೆ.

ಪರಿಹಾರ ಇರುವುದು ಲೈಫ್‌ಸೈಕಲ್‌ನಲ್ಲೇ. ಯಾವ ಹಂತದಲ್ಲಿ ಹಿಡಿದೆವೋ ಅದರ ಜೋಡಿ ಹಂತದಲ್ಲಿ ಬಿಡಬೇಕು. `onStart`ನಲ್ಲಿ ನೋಂದಾಯಿಸಿದ್ದರೆ `onStop`ನಲ್ಲಿ ರದ್ದು:

```
override fun onStop() {
    locationManager.removeUpdates(listener)
    super.onStop()
}
```

ಲೀಕ್ ಇದೆಯೆಂದು ತಿಳಿಯುವುದು ಹೇಗೆ? ಫಾರಂ ತೆರೆದು ಹಿಂದೆ ಬರುವುದನ್ನು ಹತ್ತು ಸಲ ಮಾಡಿ `adb shell dumpsys meminfo` ಆಜ್ಞೆಯನ್ನು ಆಪ್‌ನ ಹೆಸರಿನೊಂದಿಗೆ ಓಡಿಸಿದರೆ ಕೆಳಗಡೆ `Activities` ಎಂಬ ಎಣಿಕೆ ಕಾಣುತ್ತದೆ. ಮುಖಪುಟ ಒಂದೇ ತೆರೆದಿರುವಾಗ ಗಾರ್ಬೇಜ್ ಕಲೆಕ್ಷನ್ ಆದ ಮೇಲೂ ಅಲ್ಲಿ 11 ಎಂದಿದ್ದರೆ ಮುಚ್ಚಿದ ಹತ್ತೂ ಪುಟಗಳು ಒಳಗೇ ಉಳಿದಿವೆ. ಯಾರು ಹಿಡಿದಿದ್ದಾರೆ ಎಂದು ಹೇಳಲು ಸ್ಕ್ವೇರ್ ಕಂಪನಿ 2015ರಲ್ಲಿ ಉಚಿತವಾಗಿ ಕೊಟ್ಟ ಲೀಕ್‌ಕ್ಯಾನರಿ ಎಂಬ ಸಲಕರಣೆಯಿದೆ. ಪುಟ ನಾಶವಾಗಿ 5 ಸೆಕೆಂಡ್ ಕಳೆದರೂ ಅದು ಮೆಮೊರಿಯಲ್ಲೇ ಇದ್ದರೆ ಲೀಕ್‌ಕ್ಯಾನರಿ ಅನುಮಾನಪಡುತ್ತದೆ. ಆಮೇಲೆ ಮೆಮೊರಿಯ ಪ್ರತಿ ತೆಗೆದು, ಕೊಂಡಿ ಕೊಂಡಿಯಾಗಿ ಯಾರು ಯಾರನ್ನು ಹಿಡಿದಿದ್ದಾರೆ ಎಂದು ತೋರಿಸುತ್ತದೆ.

ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಫಾರಂ ಫೋನಿನ ಡೇಟಾಬೇಸ್‌ನಲ್ಲಿ ಕೂತಿದೆ. ಆಂಡ್ರಾಯ್ಡ್‌ನಲ್ಲಿ ಇದು ಎಸ್‌ಕ್ಯೂಲೈಟ್, ಅದನ್ನು ಬಳಸಲು ರೂಮ್ ಎಂಬ ಲೈಬ್ರರಿ. 'ಉಳಿಸಿ' ಒತ್ತಿದಾಗ ಎರಡು ಕೆಲಸ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಆಗಬೇಕು: ಭೇಟಿಯ ದಾಖಲೆ ಬರೆಯುವುದು, "ಇದನ್ನು ಕಳಿಸಬೇಕಿದೆ" ಎಂಬ ಪಟ್ಟಿಗೆ ಒಂದು ಸಾಲು ಸೇರಿಸುವುದು. ನಡುವೆ ಫೋನು ಆಫ್ ಆದರೆ ಎರಡೂ ಉಳಿಯಬೇಕು ಅಥವಾ ಎರಡೂ ಇರಬಾರದು. ಇಲ್ಲದಿದ್ದರೆ ದಾಖಲೆ ಫೋನಿನಲ್ಲಿ ಕಾಣುತ್ತಲೇ ಇದ್ದು ಸರ್ವರ್‌ಗೆ ಎಂದೂ ಹೋಗುವುದಿಲ್ಲ.

ಕಳಿಸುವ ಕೆಲಸವನ್ನು ವರ್ಕ್‌ಮ್ಯಾನೇಜರ್‌ಗೆ ಒಪ್ಪಿಸಬಹುದು. ನೆಟ್‌ವರ್ಕ್ ಸಿಕ್ಕಾಗ ಮಾತ್ರ ಓಡಿಸು ಎಂದು ಷರತ್ತು ಹಾಕಿದರೆ, ಆಪ್ ಮುಚ್ಚಿದ್ದರೂ ಫೋನು ರೀಸ್ಟಾರ್ಟ್ ಆಗಿದ್ದರೂ ಅದು ನೆನಪಿಟ್ಟು ಓಡಿಸುತ್ತದೆ. ಸೋತರೆ ಮತ್ತೆ ಪ್ರಯತ್ನಿಸುತ್ತದೆ. ಬೇರೆ ಹೇಳದಿದ್ದರೆ ಮೊದಲು 30 ಸೆಕೆಂಡ್ ಬಿಟ್ಟು, ಆಮೇಲೆ ಅದರ ದುಪ್ಪಟ್ಟು, ಹೀಗೆ ಹೆಚ್ಚೆಂದರೆ 5 ಗಂಟೆಯವರೆಗೆ ಅಂತರ ಬೆಳೆಯುತ್ತದೆ. ಕೆಲವು ತಯಾರಕರ ಬ್ಯಾಟರಿ ಉಳಿತಾಯ ವ್ಯವಸ್ಥೆ ಹಿನ್ನೆಲೆ ಕೆಲಸವನ್ನು ತಡೆಯುವುದರಿಂದ, ಆಪ್ ತೆರೆದಾಗಲೂ ಒಮ್ಮೆ ಕಳಿಸಿ ನೋಡುವುದು ಒಳ್ಳೆಯದು.

ಇಲ್ಲಿ ನನ್ನ ಮುಖ್ಯ ಪ್ರಶ್ನೆ ಬರುತ್ತದೆ. ದಾಖಲೆ ಸರ್ವರ್ ತಲುಪಿತು, ಅದು ಬರೆದುಕೊಂಡಿತು, "ಸಿಕ್ಕಿತು" ಎಂಬ ಉತ್ತರ ಬರುವ ಮೊದಲೇ ಸಿಗ್ನಲ್ ಹೋಯಿತು. ಫೋನಿನ ಲೆಕ್ಕದಲ್ಲಿ ಅದು ಹೋಗಿಲ್ಲ, ಆದ್ದರಿಂದ ಮತ್ತೆ ಕಳಿಸುತ್ತದೆ. ಒಬ್ಬಳೇ ಗರ್ಭಿಣಿಯ ಒಂದೇ ಭೇಟಿ ಎರಡಾಗಿ ದಾಖಲಾಗುತ್ತದೆ. ದಾಖಲೆಯ ಗುರುತಿನ ಸಂಖ್ಯೆಯನ್ನು ಸರ್ವರ್ ಕೊಡುತ್ತಿದ್ದರೆ ಇದನ್ನು ತಡೆಯಲಾಗದು. ಫಾರಂ ಹುಟ್ಟುವಾಗಲೇ ಫೋನು ಅದಕ್ಕೆ ಯುಯುಐಡಿ ಎಂಬ 128 ಬಿಟ್‌ನ ಸಂಖ್ಯೆ ಕೊಡಬೇಕು. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಹೊಸದಾಗಿ ಬರೆಯದೆ ಹಳೆಯ ಉತ್ತರವನ್ನೇ ಕೊಡಬೇಕು. ಆಗ ಎಷ್ಟು ಸಲ ಕಳಿಸಿದರೂ ದಾಖಲೆ ಒಂದೇ.

ಇನ್ನೊಂದು ತೊಡಕು ಇಬ್ಬರು ತಿದ್ದಿದಾಗ ಬರುತ್ತದೆ. ಸೋಮವಾರ ಕಾರ್ಯಕರ್ತೆ ಸಿಗ್ನಲ್ ಇಲ್ಲದ ಮನೆಯಲ್ಲಿ ಗರ್ಭಿಣಿಯ ಫೋನ್ ನಂಬರ್ ಬದಲಿಸಿದರು. ಮಂಗಳವಾರ ಆರೋಗ್ಯ ಕೇಂದ್ರದ ನರ್ಸ್ ಅದೇ ದಾಖಲೆಯಲ್ಲಿ ತಪಾಸಣೆಯ ದಿನ ಬದಲಿಸಿದರು. ಬುಧವಾರ ಕಾರ್ಯಕರ್ತೆಯ ಫೋನು ಇಡೀ ದಾಖಲೆಯನ್ನು ಕಳಿಸಿದರೆ ನರ್ಸ್ ಬರೆದ ದಿನ ಅಳಿಸಿಹೋಗುತ್ತದೆ. ಗಡಿಯಾರ ನೋಡಿ ಕೊನೆಗೆ ಬರೆದದ್ದೇ ಸರಿ ಎಂದರೂ ಸಾಲದು, ಫೋನಿನ ಗಡಿಯಾರ ತಪ್ಪಿರಬಹುದು. ಪ್ರತಿ ದಾಖಲೆಗೂ ಸರ್ವರ್ ಒಂದು ಆವೃತ್ತಿ ಸಂಖ್ಯೆ ಇಡಬೇಕು. ಫೋನು "ನಾನು ತಿದ್ದಿದ್ದು 7ನೆಯ ಆವೃತ್ತಿಯನ್ನು, ಬದಲಿಸಿದ್ದು ಫೋನ್ ನಂಬರ್ ಮಾತ್ರ" ಎಂದು ಕಳಿಸಬೇಕು. ಸರ್ವರ್‌ನಲ್ಲಿ ಆಗಲೇ 8 ಇದ್ದರೂ ಇಬ್ಬರೂ ಮುಟ್ಟಿದ ಖಾನೆ ಬೇರೆಯಾದ್ದರಿಂದ ಎರಡನ್ನೂ ಸೇರಿಸಬಹುದು. ಒಂದೇ ಖಾನೆಯನ್ನು ಇಬ್ಬರೂ ತಿದ್ದಿದ್ದರೆ ಯಂತ್ರ ತೀರ್ಮಾನಿಸದೆ ಮನುಷ್ಯರಿಗೆ ತೋರಿಸಬೇಕು. ರಕ್ತದೊತ್ತಡದಂಥ ಅಳತೆಗೆ ಈ ಜಗಳವೇ ಬೇಡ. ಹಳೆಯದನ್ನು ತಿದ್ದುವ ಬದಲು ಪ್ರತಿ ಅಳತೆಯನ್ನೂ ಹೊಸ ಸಾಲಾಗಿ ಸೇರಿಸುತ್ತ ಹೋದರೆ ಸಾಕು.

ಕೊನೆಯದಾಗಿ, ಇಷ್ಟೆಲ್ಲ ಸರಿಯಿದ್ದರೂ ಮಾಹಿತಿ ಕಳೆಯುವ ಜಾಗಗಳನ್ನು ಕೇಳುತ್ತೇನೆ. ಸಂಜೆಗೆ ಮೊದಲೇ ಫೋನು ಕಳೆದರೆ ಅಥವಾ ಆಪ್ ಅನ್ನು ಅಳಿಸಿದರೆ ಕಳಿಸದ ದಾಖಲೆ ಹೋಯಿತು. ಇನ್ನೊಂದು ಜಾಗವನ್ನು ಕಡಿಮೆ ಜನ ಗುರುತಿಸುತ್ತಾರೆ. ಆಪ್‌ನ ಹೊಸ ಆವೃತ್ತಿಯಲ್ಲಿ ಡೇಟಾಬೇಸ್‌ಗೆ ಒಂದು ಖಾನೆ ಹೆಚ್ಚಿಸಿ, ಹಳೆಯದನ್ನು ಹೊಸದಕ್ಕೆ ಬದಲಿಸುವ ಕೋಡ್ ಬರೆಯದೆ `fallbackToDestructiveMigration` ಎಂದು ಬಿಟ್ಟರೆ, ಅಪ್‌ಡೇಟ್ ಆದ ಮೇಲೆ ಡೇಟಾಬೇಸ್ ತೆರೆದ ಕ್ಷಣದಲ್ಲೇ ರೂಮ್ ಹಳೆಯ ಕೋಷ್ಟಕಗಳನ್ನು ಅಳಿಸಿ ಹೊಸದು ಕಟ್ಟುತ್ತದೆ. ಸರ್ವರ್‌ನಿಂದ ಮತ್ತೆ ತರಬಹುದಾದ ಮಾಹಿತಿಗೆ ಅದರಿಂದ ನಷ್ಟವಿಲ್ಲ. ಕಳಿಸಬೇಕಾದ ಪಟ್ಟಿಗೆ ಅದು ಮರಣಶಾಸನ.

ಒಳ್ಳೆಯ ಉತ್ತರ ಕೊಡುವವರು ಪರದೆಯ ಮಾತನ್ನೂ ಎತ್ತುತ್ತಾರೆ. 'ಉಳಿಸಲಾಗಿದೆ' ಎಂಬ ಒಂದೇ ಮಾತು ಕಾರ್ಯಕರ್ತೆಗೆ ಸಾಲದು. ಫೋನಿನಲ್ಲಿ ಉಳಿದಿದೆಯೋ, ಆರೋಗ್ಯ ಕೇಂದ್ರಕ್ಕೆ ತಲುಪಿದೆಯೋ ಎಂಬುದು ಬೇರೆ ಬೇರೆಯಾಗಿ ಕಾಣಬೇಕು. "3 ಭೇಟಿ ಇನ್ನೂ ಕಳಿಸಬೇಕಿದೆ" ಎಂದು ಮುಖಪುಟದಲ್ಲಿ ಬರೆದಿದ್ದರೆ ಪೇಟೆಗೆ ಇಳಿದಾಗ ಅವರು ಆಪ್ ತೆರೆದು ಆ ಸಂಖ್ಯೆ ಸೊನ್ನೆಯಾಗುವವರೆಗೆ ಕಾಯುತ್ತಾರೆ. ಕೋಡಿನಿಂದ ತಡೆಯಲಾಗದ ನಷ್ಟವನ್ನು ತಡೆಯುವ ಅವಕಾಶ ಆಗ ಅವರ ಕೈಗೇ ಬರುತ್ತದೆ.